ನುಡಿಜರಡಿಯಲ್ಲಿ ಇಪ್ಪತ್ತೊಂಬತ್ತು

ನನ್ನ ಪ್ರಬಂಧಕ್ಕೆ ನೂರಕ್ಕೆ ಇಪ್ಪತ್ತೊಂಬತ್ತು ಬಂತು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹಾಲಮ್ಮ ಮುಚ್ಚಿಟ್ಟಳು ಅನ್ನಬಾರದು. ನಮ್ಮ ಕಾಲೇಜಿನಲ್ಲಿ ಎಂಬತ್ತಕ್ಕಿಂತ ಕಡಿಮೆ ಬಂದರೆ ನಪಾಸು. ನಲವತ್ತಕ್ಕಿಂತ ಕಡಿಮೆ ಬಂದರೆ ಹಾಜರಿ ಪುಸ್ತಕದಿಂದ ಹೆಸರನ್ನೇ ಹೊಡೆದುಹಾಕುತ್ತಾರೆ. ಭಟ್ಟಿ ಓಣಿಯಿಂದ ಆ ಪುಸ್ತಕಕ್ಕೆ ಹತ್ತಿದ ಮೊದಲನೇ ಹೆಸರು ನನ್ನದು.

ಅಂಕ ಕೊಟ್ಟಿದ್ದು ಮೇಷ್ಟ್ರಲ್ಲ, ನುಡಿಜರಡಿ. ಈ 2061ರಲ್ಲಿ ಯಾವ ಮೇಷ್ಟ್ರು ಪ್ರಬಂಧ ಓದುತ್ತಾರೆ ಹೇಳಿ? ಕಾಲೇಜಿನ ನೆಲಮಾಳಿಗೆಯಲ್ಲಿ ಬೀರುವಿನಷ್ಟು ದೊಡ್ಡ ಯಂತ್ರವಿದೆ. ಕಾಗದ ಒಳಗೆ ಹಾಕಿದರೆ ಅದು ಬರೆದದ್ದನ್ನೆಲ್ಲ ಐದೈದು ಪದದ ತುಂಡು ಮಾಡುತ್ತದೆ. ಒಂದರಿಂದ ಐದನೇ ಪದ ಒಂದು ತುಂಡು, ಎರಡರಿಂದ ಆರನೇ ಪದ ಇನ್ನೊಂದು, ಹೀಗೇ ಕೊನೇತನಕ. ಪ್ರತಿ ತುಂಡಿಗೂ ಒಂದೊಂದು ಸಂಖ್ಯೆ ಕಟ್ಟುತ್ತದೆ. ತನ್ನ ಹೊಟ್ಟೆಯಲ್ಲಿರುವ ಕೋಟ್ಯಂತರ ಪುಸ್ತಕ, ಪತ್ರಿಕೆ, ಹಳೇ ಪ್ರಬಂಧಗಳ ಸಂಖ್ಯೆಗಳ ಜೊತೆ ಅದನ್ನು ಹೋಲಿಸುತ್ತದೆ. ಎಲ್ಲಾದರೂ ತಾಳೆಯಾಯಿತೋ, ಆ ತುಂಡು ಕೆಂಪು. ಇಷ್ಟೇ ಅದರ ವಿದ್ಯೆ. ಅರ್ಥಗಿರ್ಥ ಅದಕ್ಕೆ ಬೇಕಿಲ್ಲ.

ಹತ್ತು ವರ್ಷದ ಹಿಂದೆ ಅದನ್ನು ತಂದಾಗ ಕಾಲೇಜಿನವರು ತಮ್ಮದೂ ಒಂದು ಹುಕುಂ ಸೇರಿಸಿದರು. ಒಂದು ತುಂಡು ಕೆಂಪಾದರೆ ಆ ಪ್ಯಾರಾ ಪೂರ್ತಿ ಕೆಂಪು. ಉದ್ಧರಣ ಚಿಹ್ನೆ ಹಾಕಿ, ಇಂಥವರ ಮಾತು ಅಂತ ಹೆಸರು ಬರೆದರೂ ಕೆಂಪೇ. ಅಂಕ ಹೋಗುತ್ತದೆ ಅಂತ ಹುಡುಗರು ಮೊದಲು ಅಡಿಟಿಪ್ಪಣಿ ಬಿಟ್ಟರು, ಆಮೇಲೆ ಗ್ರಂಥಸೂಚಿ ಬಿಟ್ಟರು. ನಾವು ಬರುವ ಹೊತ್ತಿಗೆ ಆ ಪದಗಳೇ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಪ್ರಬಂಧಗಳೂ ಆಕಾಶದಿಂದ ಉದುರಿದ ಹಾಗೆ ಇರುತ್ತಿದ್ದವು. ಅದಕ್ಕೆ 'ಸ್ವಂತಿಕೆ' ಅಂತ ಹೆಸರು ಬೇರೆ.

ನಾನೂ ಹಾಗೇ ಎರಡು ವರ್ಷ ದಾಟಿದೆ. ಮೂರನೇ ವರ್ಷದ ದೊಡ್ಡ ಪ್ರಬಂಧಕ್ಕೆ ಸಿಕ್ಕಿಹಾಕಿಕೊಂಡೆ.

ವಿಷಯ, 'ನನ್ನ ಊರಿನ ಕಸುಬು ಮತ್ತು ಅದರ ಗಾಳಿ'. ಕಸುಬು ಹುಡುಕಿಕೊಂಡು ನಾನು ಎಲ್ಲಿಗೂ ಹೋಗಬೇಕಿರಲಿಲ್ಲ. ನಮ್ಮೂರು ಮಂಡಕ್ಕಿಯ ಊರು. ನಮ್ಮವ್ವ ಕರಿಬಸಮ್ಮ ಮೂವತ್ತು ವರ್ಷದಿಂದ ಭಟ್ಟಿಯಲ್ಲಿ ಮರಳು ಕಾಯಿಸಿ ಅಕ್ಕಿ ಅರಳಿಸುತ್ತಾಳೆ. ಬೆಳಗಿನ ಪಾಳಿಯಲ್ಲಿ ನಾನೂ ಅವಳ ಜೊತೆ ಜರಡಿ ಹಿಡಿಯುತ್ತೇನೆ. ಆದರೆ ಗೊತ್ತಿರುವುದನ್ನು ಬರೆಯುವುದೇ ಕಷ್ಟ ನೋಡಿ. ಕೊಡಬೇಕಾದ ಶನಿವಾರಕ್ಕೆ ನಾಲ್ಕೇ ದಿನ ಉಳಿದಿದ್ದರೂ ನನ್ನ ಕೈಯಲ್ಲಿ ಅರ್ಧ ಪುಟ ಇತ್ತು. ಅದರಲ್ಲೂ ಮೂರು ಸಲ 'ಮಂಡಕ್ಕಿ ಬಹಳ ಪ್ರಸಿದ್ಧ' ಅಂತ ಬರೆದಿದ್ದೆ, ಥೂ!

ಆಗ ನಿಜಗುಣ ಬಂದ. ನನ್ನ ತರಗತಿಯವನೇ, ಯಾವತ್ತೂ ತೊಂಬತ್ತಕ್ಕೆ ಕಡಿಮೆ ತೆಗೆದವನಲ್ಲ. ಅವರ ಮನೆ ಊರಿನ ಆ ಕಡೆ, ಹೊಗೆ ಮುಟ್ಟದ ಬಡಾವಣೆಯಲ್ಲಿ. ಅವನೂ ಭಟ್ಟಿಯ ಮೇಲೇ ಬರೆದಿದ್ದ.

"ಹಾಲಮ್ಮ, ಇದೊಂದು ಸ್ವಲ್ಪ ಓದಿ ಕೊಡ್ತೀಯಾ?" ಅಂದ. "ನೀನು ಭಟ್ಟಿಯವಳು. ಏನಾದ್ರೂ ತಪ್ಪು ಬರೆದಿದ್ರೆ ಹೇಳು. ನಾನು ಇನ್ನೂ ಕೊಟ್ಟಿಲ್ಲ."

ಹನ್ನೆರಡು ಪುಟ. ಏನು ಅಂದವಾಗಿ ಬರೆದಿದ್ದ ಅಂತೀರಿ! ಬೇಸಿಗೆಯ ಹೊಗೆ ಮೇಲೆ ಹೋಗುತ್ತದೆ, ಚಳಿಗಾಲದ ಹೊಗೆ ಓಣಿಯಲ್ಲೇ ಕೂರುತ್ತದೆ, ಹಾಗಾಗಿ ಭಟ್ಟಿಯವರ ವರ್ಷವನ್ನು ತಿಂಗಳಿನಿಂದ ಎಣಿಸದೆ ಹೊಗೆಯಿಂದ ಎಣಿಸಬೇಕು ಅಂತ ಒಂದು ಯೋಚನೆ ಹಾಕಿದ್ದ. ಓದಿ ನನಗೆ ಹೊಟ್ಟೆ ಉರಿಯಿತು. ಆ ಹೊಗೆ ಕುಡಿದು ಬೆಳೆದವಳು ನಾನು, ಅದು ಹೊಳೆದದ್ದು ಇವನಿಗೆ.

ಮರುದಿನ ನಾನು ಆ ಹನ್ನೆರಡು ಪುಟ ತಗೊಂಡು ನೆಟ್ಟಗೆ ಜೆರಾಕ್ಸ್ ಅಂಗಡಿಗೆ ಹೋದೆ. ಸುಳ್ಳು ಯಾಕೆ ಹೇಳಲಿ, ಹೆದರಿಕೆ ಆಗಲಿಲ್ಲ. ಎಲ್ಲರೂ ಮಾಡುತ್ತಿದ್ದ ಕೆಲಸ. ಅಂಗಡಿಯ ಒಳಕೋಣೆಯಲ್ಲಿ ತಿರುಗಣಿ ಅಂತ ಒಂದು ಯಂತ್ರ ಇತ್ತು. ಒಂದು ಕಡೆ ಬರಹ ಹಾಕಿದರೆ ಇನ್ನೊಂದು ಕಡೆಯಿಂದ ಪದಗಳು ಬದಲಾಗಿ, ವಾಕ್ಯ ಹಿಂದುಮುಂದಾಗಿ ಬರುತ್ತಿತ್ತು. ಐದು ಪದ ಸಾಲಾಗಿ ಎಲ್ಲೂ ತಾಳೆಯಾಗದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಜರಡಿ ಬಂದ ಮರುವರ್ಷವೇ ತಿರುಗಣಿಯೂ ಬಂತಂತೆ.

ಹೊರಬಂದ ಕಾಗದ ನೋಡಿ ನಗು ಬಂತು. 'ಮಂಡಕ್ಕಿ' ಹೋಗಿ 'ಉಬ್ಬಿದ ಧಾನ್ಯ' ಆಗಿತ್ತು. 'ಹೊಟ್ಟು ಉರಿಸುತ್ತಾರೆ' ಅನ್ನುವುದು 'ಸಿಪ್ಪೆಯ ದಹನ ನೆರವೇರುತ್ತದೆ' ಆಗಿತ್ತು. 'ಹೆಂಗಸರ ಕೆಮ್ಮು' ಅನ್ನುವುದು 'ಮಹಿಳಾ ಕಂಠದ ಧ್ವನಿ' ಆಗಿತ್ತು! ಆದರೇನು, ಜರಡಿ ಪಾಸು ಮಾಡುತ್ತದೆ. ನಾನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಮಧ್ಯಾಹ್ನ ಅವ್ವ ಪಾಳಿ ಮುಗಿಸಿ ಬಂದು ಜಗಲಿಯ ಮೇಲೆ ಕೂತು ಚೀಲಗಳಿಗೆ ದಾರ ಕಟ್ಟುತ್ತಿದ್ದಳು. ಇದು ನಮ್ಮ ಓಣಿಯ ಪದ್ಧತಿ. ಭತ್ತ ನೆನೆಸಿ ಬೇಯಿಸುವವರು ಒಬ್ಬರು, ಒಣಗಿಸುವವರು ಇನ್ನೊಬ್ಬರು, ಅರಳಿಸುವವರು ಮತ್ತೊಬ್ಬರು. ಒಬ್ಬೊಬ್ಬರದು ಒಂದೊಂದು ಬಣ್ಣ. ಯಾರ ಕೈ ದಾಟಿತೋ ಅವರ ಬಣ್ಣದ ದಾರ ಚೀಲದ ಬಾಯಿಗೆ ಬೀಳಬೇಕು. ಅಕ್ಕಿ ಅರಳದೆ ಕಲ್ಲಿನ ಹಾಗೆ ಉಳಿದರೆ ದಾರ ಹಿಡಿದು ಹಿಂದಕ್ಕೆ ಹೋಗಿ, ಎಲ್ಲಿ ಕೆಟ್ಟಿತು ಅಂತ ಹುಡುಕುತ್ತಾರೆ. ಚೆನ್ನಾಗಿ ಅರಳಿದರೂ ಅಷ್ಟೇ, ಯಾರ ಕೈಗುಣ ಅಂತ ಊರಿಗೇ ಗೊತ್ತಾಗುತ್ತದೆ. ದಾರವಿಲ್ಲದ ಚೀಲವನ್ನು ಭಟ್ಟಿಯೊಳಗೆ ಬಿಡುವುದಿಲ್ಲ.

"ಏನೇ ಅದು, ನಿನ್ನ ಬರಹನಾ? ಓದು ನೋಡಣ," ಅಂದಳು ಅವ್ವ.

ನಾನು ತಿರುಗಣಿಯ ಕಾಗದ ತೆಗೆಯಲು ನಾಚಿ, ನಿಜಗುಣನ ಮೂಲ ಪ್ರತಿಯನ್ನೇ ನನ್ನದು ಅನ್ನುವ ಹಾಗೆ ಓದತೊಡಗಿದೆ. ಅವ್ವ ತಲೆದೂಗುತ್ತಾ ಕೇಳಿದಳು. ಆರನೇ ಪುಟದಲ್ಲಿ ಒಂದು ವಾಕ್ಯ ಬಂತು: 'ಭಟ್ಟಿಯ ಹೊಗೆ ನೂರು ಅಡಿ ದಾಟುವಷ್ಟರಲ್ಲಿ ಮಿತಿಗಿಂತ ಕೆಳಗಿಳಿದು ನಿರಪಾಯಕಾರಿಯಾಗುತ್ತದೆ.'

ಅವ್ವನ ಕೈಯಲ್ಲಿದ್ದ ದಾರ ನಿಂತಿತು.

"ಯಾರು ಹೇಳಿದ್ದು?" ಅಂದಳು.

"ಅಂದ್ರೆ?"

"ನೂರು ಅಡಿ ಅಂತ ಯಾರು ಹೇಳಿದ್ದು? ನಮ್ಮನೆ ಭಟ್ಟಿಯಿಂದ ಮುನ್ನೂರು ಅಡಿ ಐತೆ. ನಿಮ್ಮಪ್ಪ ಈ ಜಗಲಿ ಮೇಲೆ ಕೂತೇ ಉಸಿರು ಕಳ್ಕೊಂಡ. ಭಟ್ಟಿ ಒಳಗೆ ಕಾಲಿಟ್ಟೋನಲ್ಲ ಅವನು, ಟೇಲರು. ಹೇಳೇ ಹಾಲಿ, ಯಾರು ಹೇಳಿದ್ದು ನೂರು ಅಡಿ ಅಂತ? ನೀನಾ?"

ನಾನು ಹೇಳಿದ್ದಲ್ಲ ಅನ್ನಬೇಕಾದರೆ ಪ್ರಬಂಧವೇ ನನ್ನದಲ್ಲ ಅನ್ನಬೇಕು. ನಾನೇ ಹೇಳಿದ್ದು ಅಂದರೆ ಅಪ್ಪನ ಸಾವನ್ನೇ ಸುಳ್ಳು ಮಾಡಿದ ಹಾಗೆ. ಕದ್ದ ಮಾಲಿನ ತಪ್ಪು ಕೂಡ ಕದ್ದವಳ ತಲೆಗೇ ಬರುತ್ತದೆ ಅಂತ ಅಲ್ಲಿಯತನಕ ನನಗೆ ಹೊಳೆದಿರಲಿಲ್ಲ.

"ನಂದಲ್ಲವ್ವ," ಅಂದೆ. "ಇದ್ಯಾವುದೂ ನಂದಲ್ಲ. ನಿಜಗುಣ ಓದೋಕೆ ಕೊಟ್ಟಿದ್ದ, ನಾನು ಹೊಡೆದುಕೊಂಡು ಬಂದೆ."

ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿ ಇತ್ತು. ದಾರದ ಉಂಡೆ ಕೆಳಗಿಟ್ಟು, "ಹಂಗಾರೆ ಅವನನ್ನ ಕೇಳು, ಅವನಿಗೆ ಯಾರು ಹೇಳಿದ್ದು ಅಂತ," ಅಂದಳು.

ಶುಕ್ರವಾರ ಕೇಳಿದೆ. ಕಾಲೇಜಿನ ಮೆಟ್ಟಿಲ ಮೇಲೆ ನಿಂತು ತಲೆ ಕೆರೆದುಕೊಂಡ ನಿಜಗುಣ. "ಹೋದ ವರ್ಷ ಪ್ರಥಮ ಬಂದ ಪ್ರಬಂಧದಲ್ಲಿತ್ತು ಕಣೇ. ಅವರು ಅದರ ಹಿಂದಿನ ವರ್ಷದ್ದರಿಂದ ತಗೊಂಡಿರಬೇಕು. ಎಲ್ಲರೂ ಬರೀತಾರೆ ಅದನ್ನ."

"ಮೊದಲು ಬರೆದೋರು ಯಾರು?"

"ನನಗೇನು ಗೊತ್ತು? ಯಾರೂ ಹೆಸರು ಹಾಕಿಲ್ವಲ್ಲ. ಹಾಕಿದ್ರೆ ಕೆಂಪಾಗ್ತಿರಲಿಲ್ವಾ?"

ಅಲ್ಲಿಂದ ನೆಟ್ಟಗೆ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಜಬೀನಾ ಮೇಡಂ ಒಬ್ಬರೇ ಇರುತ್ತಿದ್ದರು. ಐವತ್ತೆಂಟು ವರ್ಷ, ನಿವೃತ್ತಿಗೆ ಎರಡು ವರ್ಷ ಬಾಕಿ. ಗ್ರಂಥಾಲಯಕ್ಕೆ ಯಾರೂ ಬರುವುದಿಲ್ಲ ಅಂತ ಅವರಿಗೆ ಅಂಚೆ ವಿಂಗಡಿಸುವ ಕೆಲಸ ಹಚ್ಚಿದ್ದರು. ನಾನು "ಮೂಲ ಹುಡುಕಬೇಕು ಮೇಡಂ" ಅಂದದ್ದೇ ತಡ, ಕೈಯಲ್ಲಿದ್ದ ಲಕೋಟೆಗಳನ್ನೆಲ್ಲ ಮೇಜಿನ ಮೇಲೆ ಸುರಿದು ಎದ್ದರು.

"ಎಷ್ಟು ವರ್ಷ ಆಯ್ತಮ್ಮ ಈ ಮಾತು ಕೇಳಿ!"

ನಾವಿಬ್ಬರೂ ಪ್ರಥಮ ಬಂದ ಪ್ರಬಂಧಗಳನ್ನು ಒಂದೊಂದೇ ವರ್ಷ ಹಿಂದಕ್ಕೆ ತೆಗೆದೆವು. 2060ರಲ್ಲಿ 'ನೂರು ಅಡಿ ದಾಟುವಷ್ಟರಲ್ಲಿ'. 2057ರಲ್ಲಿ 'ನೂರು ಅಡಿಯಲ್ಲಿ'. 2053ರಲ್ಲಿ 'ನೂರು ಅಡಿಗೆ ಹೊಗೆ ಮಿತಿಯಲ್ಲಿರುತ್ತದೆ'. 2050ರದು ಜರಡಿ ಬರುವ ಮುಂಚಿನದು, ಅದರಲ್ಲಿ ಕೊನೆಗೆ ಬರೆದವರು ಓದಿದ ಪುಸ್ತಕಗಳದೊಂದು ಪಟ್ಟಿ ಇತ್ತು. ಮೇಡಂ ಬೆರಳಿಟ್ಟು ತೋರಿಸಿದರು: ಸೌದಾಮಿನಿ, ವಿ. 2031. 'ಭಟ್ಟಿ ಓಣಿಯ ಗಾಳಿ: ಒಂದು ಅಳತೆ'. ಧೂಳು ಹಿಡಿದ ಕಪಾಟಿನ ಕೆಳಗಿನ ಖಾನೆಯಲ್ಲಿ ಅದು ಸಿಕ್ಕಿತು. ಹದಿನಾಲ್ಕನೇ ಪುಟ:

'ನೂರು ಅಡಿ ಎತ್ತರದ ಚಿಮಣಿ ಇದ್ದಲ್ಲಿ ಮಾತ್ರ ನೆಲಮಟ್ಟದ ಹೊಗೆ ಮಿತಿಗಿಂತ ಕೆಳಗಿಳಿಯಬಲ್ಲದು. ಅಳತೆ ಮಾಡಿದ ಯಾವ ಭಟ್ಟಿಯಲ್ಲೂ ಇಂಥ ಚಿಮಣಿ ಇಲ್ಲ.'

ನಾನು ಮೂರು ಸಲ ಓದಿದೆ. ಎತ್ತರ ಹೋಗಿ ದೂರ ಆಗಿದೆ, ಚಿಮಣಿ ಮಾಯವಾಗಿದೆ, 'ಮಾತ್ರ' ಉದುರಿಹೋಗಿದೆ. ಒಬ್ಬೊಬ್ಬರೂ ಕೆಂಪು ತಪ್ಪಿಸಲು ಒಂದೊಂದು ಪದ ತಿರುಗಿಸಿದ್ದಾರೆ. ಮೂಲದ ಹೆಸರು ಇಲ್ಲದ್ದಕ್ಕೆ ಯಾರೂ ಹಿಂದೆ ಹೋಗಿ ನೋಡಿಲ್ಲ. ಹತ್ತು ವರ್ಷ ನಮ್ಮೂರಿನ ಓದಿದವರೆಲ್ಲ ಭಟ್ಟಿ ಓಣಿಯ ಗಾಳಿ ಚೆನ್ನಾಗಿದೆ ಅಂತ ಬರೆದು ತೊಂಬತ್ತು ತೊಂಬತ್ತು ಅಂಕ ತಗೊಂಡಿದ್ದಾರೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಅಲ್ಲೇ ಕೂತು ಅತ್ತುಬಿಟ್ಟೆ.

"ಅಳೋದು ಆಮೇಲೆ," ಅಂದರು ಮೇಡಂ. "ಪೆನ್ನು ತಗೋ. ನಾಳೆ ಕೊಡಬೇಕಲ್ವಾ?"

ಅವತ್ತು ಸಂಜೆತನಕ ಅವರು ಹೇಳಿಕೊಟ್ಟದ್ದನ್ನು ನಾನು ಯಾವ ತರಗತಿಯಲ್ಲೂ ಕಲಿತಿರಲಿಲ್ಲ. ಮೊದಲು ಟಿಪ್ಪಣಿ ಮಾಡುವುದು. ಒಂದೊಂದು ಚೀಟಿಯ ನೆತ್ತಿಯ ಮೇಲೆ ಲೇಖಕರ ಹೆಸರು, ವರ್ಷ, ಪುಟ. ಅವರ ಮಾತನ್ನು ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡರೆ ಚೀಟಿಯಲ್ಲೇ ಉದ್ಧರಣ ಚಿಹ್ನೆ, ಇಲ್ಲದಿದ್ದರೆ ಆಮೇಲೆ ಯಾವುದು ನಂದು ಯಾವುದು ಅವರದು ಅಂತ ನನಗೇ ಮರೆತುಹೋಗುತ್ತದೆ.

"ಮಾತು ಬದಲಾಯಿಸಿ ಬರೆದ್ರೆ ಹೆಸರು ಬೇಡ ಅಲ್ವಾ ಮೇಡಂ?" ಅಂತ ಕೇಳಿದೆ.

"ಬೇಕೇ ಬೇಕು. ಮಾತು ನಿಂದಾದ್ರೂ ವಿಚಾರ ಅವರದೇ ಅಲ್ವಾ? ಚಿಹ್ನೆ ಬೇಡ, ಹೆಸರು ವರ್ಷ ಬೇಕು. ಪುಟಾನೂ ಹಾಕು, ಹುಡುಕೋರಿಗೆ ಸುಲಭ. ಇನ್ನು ಅವರ ವಾಕ್ಯ ಇಟ್ಟುಕೊಂಡು ನಾಲ್ಕು ಪದ ಆಚೀಚೆ ಮಾಡೋದು ಐತಲ್ಲ, ಅದು ನಿನ್ನ ಮಾತೂ ಅಲ್ಲ, ಅವರ ಮಾತೂ ಅಲ್ಲ. ಹೆಸರು ಹಾಕಿದ್ರೂ ಅದು ತಪ್ಪೇ. ಪುಸ್ತಕ ಮುಚ್ಚಿ, ಅರ್ಥ ಆಗಿದ್ದನ್ನ ನಿನ್ನ ಅವ್ವಂಗೆ ಹೇಳ್ದಂಗೆ ಬರಿ. ಆಮೇಲೆ ತೆರೆದು ಅರ್ಥ ಕೆಟ್ಟಿಲ್ಲ ತಾನೇ ಅಂತ ನೋಡ್ಕೋ."

"ಅಕ್ಕಿಯಿಂದ ಮಂಡಕ್ಕಿ ಆಗುತ್ತೆ ಅನ್ನೋದಕ್ಕೂ ಹೆಸರು ಹಾಕ್ಬೇಕಾ?"

"ಅಯ್ಯೋ ಹುಚ್ಚಿ! ಊರಿಗೆಲ್ಲ ಗೊತ್ತಿರೋದಕ್ಕೆ ಬೇಡ."

"ಮತ್ತೆ ಸೌದಾಮಿನಿಯವರ ಮಾತು 2050ರ ಪ್ರಬಂಧದಲ್ಲೂ ಐತಲ್ಲ?"

"ನೀನು ಮೂಲಾನೇ ಓದಿದೀಯಲ್ಲ, ಅದನ್ನೇ ಹಾಕು. ಮೂಲ ಸಿಗಲಿಲ್ಲ ಅಂದ್ರೆ ಮಾತ್ರ 'ಸೌದಾಮಿನಿ, ಇಂಥವರಲ್ಲಿ ಉಲ್ಲೇಖ' ಅಂತ ಬರೀಬೇಕು. ಪಟ್ಟೀಲಿ ನೀನು ಕಣ್ಣಾರೆ ನೋಡಿದ್ದೇ ಬರ್ಬೇಕು. ಓದದೇ ಇರೋದನ್ನ ಓದಿದೀನಿ ಅಂತ ಹಾಕೋದೂ ಸುಳ್ಳೇ."

ಆಮೇಲೆ ನಾನು ಹೆದರುತ್ತಾ ಕೇಳಿದೆ, ಅವ್ವನ ಮಾತನ್ನು ಎಲ್ಲಿ ಹಾಕುವುದು? ಅವಳು ಪುಸ್ತಕ ಬರೆದವಳಲ್ಲ. ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅವರನ್ನ ಕೇಳು, ನಿನ್ನ ಹೆಸರು ಹಾಕ್ಲಾ ಅಂತ. ಹೂಂ ಅಂದ್ರೆ ಹೆಸರು, ಸಂದರ್ಶನ ಅಂತ, ಜಾಗ, ತಾರೀಖು ಹಾಕು. ಸಂದರ್ಶನಾನ ಪಟ್ಟೀಗೆ ಸೇರಿಸೋ ಪದ್ಧತಿಯೂ ಐತೆ, ಬರೀ ಬರಹದ ಒಳಗೇ ಹೇಳೋ ಪದ್ಧತಿಯೂ ಐತೆ. ನಮ್ಮ ಕಾಲೇಜಿನ ಹಳೇ ಪದ್ಧತೀಲಿ ಪಟ್ಟೀಗೂ ಸೇರಿಸ್ತಿದ್ವಿ."

"ಇಷ್ಟೆಲ್ಲ ಹಾಕಿದ್ರೆ ಜರಡಿ ನನ್ನ ನುಂಗಿಬಿಡುತ್ತೆ ಮೇಡಂ."

"ನುಂಗುತ್ತೆ," ಅಂದರು. ಸುಳ್ಳು ಸಮಾಧಾನ ಹೇಳಲಿಲ್ಲ. "ಏನು ಮಾಡ್ತೀಯೋ ನೀನೇ ಯೋಚನೆ ಮಾಡು."

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡು, ಫೋಟೋ ತೆಗೆಯುತ್ತಾರೇನೋ ಅನ್ನುವ ಹಾಗೆ ನೆಟ್ಟಗೆ ಕೂತು, ಅಪ್ಪನ ಕೆಮ್ಮು ಯಾವ ಚಳಿಗಾಲದಲ್ಲಿ ಶುರುವಾಯಿತು ಅನ್ನುವಲ್ಲಿಂದ ಹೇಳಿದಳು. ಒಂದು ಕಡೆ ನಿಲ್ಲಿಸಿ, "ಇದು ನಾನು ಕಂಡಿದ್ದಲ್ಲ, ಪಕ್ಕದ ಮನೆ ಗಂಗವ್ವ ಹೇಳಿದ್ದು, ಹಂಗಂತಾನೇ ಬರಕೋ," ಅಂದಳು. ಜಬೀನಾ ಮೇಡಂ ಕೇಳಿದ್ದರೆ ಖುಷಿಪಡುತ್ತಿದ್ದರು.

ಶನಿವಾರ ಬೆಳಿಗ್ಗೆ ನಿಜಗುಣನ ಪ್ರಬಂಧ ವಾಪಸು ಕೊಟ್ಟು, ಅವನ ಎದುರು ನಿಂತು ಎಲ್ಲ ಹೇಳಿದೆ. ಜೆರಾಕ್ಸ್ ಅಂಗಡಿ, ತಿರುಗಣಿ, ಎಲ್ಲ. ಅವನ ಮುಖ ಕಪ್ಪಿಟ್ಟಿತು.

"ನಂಬಿ ಕೊಟ್ಟಿದ್ದೆ ಕಣೇ ನಿನಗೆ!"

"ಹೂಂ. ತಪ್ಪು ನಂದೇ. ಕ್ಷಮೆ ಕೇಳ್ತೀನಿ, ಅದಕ್ಕೇ ಬಂದಿದ್ದು. ಇನ್ನೊಂದು ಕೇಳೋದೈತೆ. ಹೊಗೆಯಿಂದ ವರ್ಷ ಎಣಿಸೋ ಯೋಚನೆ ನಿಂದು. ನನ್ನ ಪ್ರಬಂಧಕ್ಕೆ ಅದು ಬೇಕು. ನಿನ್ನ ಹೆಸರು ಹಾಕಿ, ಅಪ್ರಕಟಿತ ಪ್ರಬಂಧ ಅಂತ ಬರೆದು ಬಳಸ್ಲಾ? ಬೇಡ ಅಂದ್ರೆ ಬಿಡ್ತೀನಿ."

ಅವನು ಹೊರಟೇಹೋದ. ಹತ್ತು ಹೆಜ್ಜೆ ಹೋಗಿ ತಿರುಗಿದ. "ನೂರು ಅಡಿ ಅನ್ನೋದು ನಿಜಕ್ಕೂ ಸುಳ್ಳಾ?"

ಸೌದಾಮಿನಿಯವರ ಹದಿನಾಲ್ಕನೇ ಪುಟದ ಚೀಟಿ ತೋರಿಸಿದೆ. ಓದಿದ. ತನ್ನ ಪ್ರಬಂಧ ತೆಗೆದು ಆರನೇ ಪುಟ ನೋಡಿಕೊಂಡ. "ನಿಜಗುಣ ಅಂತಷ್ಟೇ ಹಾಕ್ಬೇಡ. ನಿಜಗುಣ, ಎಂ. ಅಂತ ಹಾಕು," ಅಂದ. ಸಿಟ್ಟು ಇಳಿದಿರಲಿಲ್ಲ, ಆದರೂ ಅಂದ.

ಅವತ್ತು ಮಧ್ಯಾಹ್ನ ನೆಲಮಾಳಿಗೆಗೆ ಇಳಿದೆ. ಚೀಲದಲ್ಲಿ ಎರಡು ಪ್ರಬಂಧ ಇದ್ದವು. ತಿರುಗಣಿಯದು ಹನ್ನೆರಡು ಪುಟ, ನನ್ನದು ಹದಿಮೂರು. ನನ್ನದರಲ್ಲಿ ಉದ್ಧರಣ ಹೆಚ್ಚೇನೂ ಇರಲಿಲ್ಲ. ಅವರ ಮಾತೇ ಬೇಕಾದ ಕಡೆ ಮಾತ್ರ ಇಡು, ಉಳಿದದ್ದು ನೀನು ಯೋಚಿಸಿ ಬರಿ ಅಂತ ಮೇಡಂ ಅಂದಿದ್ದರು. ಆದರೆ ಮುಕ್ಕಾಲು ಪ್ಯಾರಾಗಳಲ್ಲಿ ಒಂದೊಂದು ಸಣ್ಣ ಉದ್ಧರಣ, ಅದರ ಪಕ್ಕ ಹೆಸರು ಇತ್ತು. ಜರಡಿಯ ಬಾಯಿಯ ಮುಂದೆ ಎರಡನ್ನೂ ಹಿಡಿದು ನಿಂತೆ. ತೊಂಬತ್ತೋ, ಕಾಲೇಜು ಬಿಡುವುದೋ? ನಿಜ ಹೇಳುತ್ತೇನೆ, ಕೈ ತಿರುಗಣಿಯ ಕಡೆಗೇ ಹೋಯಿತು. 'ಮಹಿಳಾ ಕಂಠದ ಧ್ವನಿ' ಅನ್ನುವುದು ಕಣ್ಣಿಗೆ ಬಿತ್ತು. ಅಪ್ಪನ ಕೆಮ್ಮಿಗೆ ಏನು ಹೆಸರಿಡುತ್ತಿತ್ತೋ ಈ ದರಿದ್ರ ಯಂತ್ರ ಅಂದುಕೊಂಡೆ. ನನ್ನದನ್ನೇ ಒಳಗೆ ತಳ್ಳಿದೆ.

ಅರ್ಧ ನಿಮಿಷ. ಪರದೆ ಮೇಲಿಂದ ಕೆಳಗೆ ಕೆಂಪಾಗುತ್ತಾ ಬಂತು. ಇಪ್ಪತ್ತೊಂಬತ್ತು.

ಬುಧವಾರ ವಿಚಾರಣೆ. ಪ್ರಿನ್ಸಿಪಾಲ್ ಓಂಕಾರಪ್ಪನವರ ಕೋಣೆಯಲ್ಲೇ ಜರಡಿಯ ಒಂದು ಚಿಕ್ಕ ಬಾಯಿ ಇದೆ, ದೊಡ್ಡದಕ್ಕೆ ಜೋಡಿಸಿದ್ದು. ಅವ್ವ ಭಟ್ಟಿಯಿಂದ ಹಾಗೇ ಬಂದಿದ್ದಳು, ಹುಬ್ಬಿನ ಮೇಲೆ ಬೂದಿ ಇತ್ತು. ಜಬೀನಾ ಮೇಡಂ ಕರೆಯದಿದ್ದರೂ ಬಂದು ಗೋಡೆಗೆ ಒರಗಿ ನಿಂತರು. ಹೆಸರು ಹೊಡೆಯುವ ಆದೇಶ ಮೇಜಿನ ಮೇಲೆ ತಯಾರಾಗಿತ್ತು. ಸಹಿ ಒಂದೇ ಬಾಕಿ.

"ಎಪ್ಪತ್ತೊಂದು ಭಾಗ ಬೇರೆಯವರದು," ಅಂದರು ಓಂಕಾರಪ್ಪ. "ಏನಮ್ಮ ಇದು? ನಾಚಿಕೆ ಆಗಲ್ವಾ?"

"ಎಪ್ಪತ್ತೊಂದು ಭಾಗ ಅಲ್ಲ ಸಾರ್, ಒಂದು ಸಾಲಿಗೆ ಪೂರ್ತಿ ಪ್ಯಾರಾ ಕೆಂಪು ಮಾಡ್ತಾರೆ. ಆದ್ರೂ ಬೇರೆಯವರದು ಐತೆ, ಹೌದು. ಯಾವುದು, ಯಾರದು, ಯಾವ ಪುಟ ಅಂತ ನಾನೇ ಬರೆದು ಹೇಳಿದೀನಿ. ಕದ್ದೋರು ಹಂಗೆ ಬರೆದಿಡ್ತಾರಾ?"

"ನಿಯಮ ನಿಯಮಾನೇ. ಯಂತ್ರ ಸುಳ್ಳು ಹೇಳಲ್ಲ."

ನಾನು ಚೀಲದಿಂದ ತಿರುಗಣಿಯ ಹನ್ನೆರಡು ಪುಟ ತೆಗೆದೆ. "ಹಂಗಾದ್ರೆ ಇದನ್ನೂ ಹಾಕಿ ನೋಡ್ರಿ ಸಾರ್."

ಅವರು ಹುಬ್ಬು ಗಂಟಿಕ್ಕಿಕೊಂಡೇ ಹಾಕಿದರು. ಪರದೆ ಹಸಿರಾಯಿತು. ತೊಂಬತ್ತನಾಲ್ಕು. ಕೆಳಗೆ 'ಅಭಿನಂದನೆಗಳು' ಅಂತ ಹೂವಿನ ಚಿತ್ರ ಬೇರೆ ಬಂತು.

"ಇದನ್ನ ಯಾಕಮ್ಮ ಕೊಡಲಿಲ್ಲ? ಚೆನ್ನಾಗಿತ್ತಲ್ಲ!"

"ಅದು ಪೂರ್ತಿ ಕದ್ದಿದ್ದು ಸಾರ್. ಒಂದೇ ಒಂದು ವಾಕ್ಯ ನಂದಲ್ಲ. ನಿಜಗುಣ ಓದೋಕೆ ಕೊಟ್ಟಿದ್ದನ್ನ ನಾನೇ ತಿರುಗಣೀಗೆ ಹಾಕ್ಸಿದ್ದು. ಕೊಡಲಿಲ್ಲ, ಆದ್ರೆ ಹಾಕ್ಸಿದ್ದು ನಾನೇ. ಅದಕ್ಕೆ ಹೆಸರು ಹೊಡೀತೀರಾ, ಹೊಡೀರಿ, ಒಪ್ಕೋತೀನಿ. ಈ ಇಪ್ಪತ್ತೊಂಬತ್ತಕ್ಕೆ ಹೊಡೆಯೋದನ್ನ ಮಾತ್ರ ಒಪ್ಪಲ್ಲ. ಇದರಲ್ಲಿ ನಾನು ಕದ್ದಿರೋ ಒಂದು ಸಾಲು ತೋರಿಸ್ರಿ. ಯಂತ್ರ ಅಲ್ಲ, ನೀವು ಓದಿ ತೋರಿಸ್ರಿ."

ಆಗ ಅವ್ವ ಬಾಯಿ ಬಿಟ್ಟಳು.

"ಸ್ವಾಮೇರ, ನಮ್ಮ ಭಟ್ಟೀಲೂ ಜರಡಿ ಐತ್ರಿ. ಮೂವತ್ತು ವರ್ಷ ಹಿಡಿದೀನಿ. ಅದು ಮರಳು ಕೆಳಗೆ ಬಿಡ್ತದೆ, ಕಾಳು ಮ್ಯಾಲೆ ಉಳಿಸ್ತದೆ, ಅಷ್ಟೇ. ಕಾಳು ಮುಗ್ಗಿದ್ರೆ ಅದಕ್ಕೇನು ಗೊತ್ತಾಯ್ತದೆ? ಮೂಸಿ ನೋಡಬೇಕ್ರಿ. ಮೂಸಿ ನೋಡೋರು ನೀವಲ್ಲೇನ್ರಿ?"

ಓಂಕಾರಪ್ಪನವರ ಕಿವಿ ಕೆಂಪಾಯಿತು. ಬೈದು ಹೊರಗೆ ಹಾಕುತ್ತಾರೆ ಅಂದುಕೊಂಡೆ. ಅವರು ಪ್ರಬಂಧವನ್ನು ಹತ್ತಿರ ಎಳೆದುಕೊಂಡು ಮೊದಲನೇ ಪುಟ ತಿರುವಿದರು. ಎರಡನೇದು. ನಾವು ಮೂವರೂ ನಿಂತೇ ಇದ್ದೆವು. ಐದನೇ ಪುಟಕ್ಕೆ ಬಂದಾಗ ಪೆನ್ನು ಕೈಗೆತ್ತಿಕೊಂಡರು, ಅಲ್ಲೊಂದು ಕಾಗುಣಿತ ತಪ್ಪಿತ್ತು, ತಿದ್ದಿದರು. ಏಳನೇ ಪುಟದಲ್ಲಿ ನಿಂತರು.

"ಯಾವ ಭಟ್ಟೀಲೂ ನೂರು ಅಡಿ ಚಿಮಣಿ ಇಲ್ಲ ಅಂತ ಬರೆದಿದೀಯಲ್ಲ. ನಾನೇ ನಗರಸಭೆಯಲ್ಲಿ ಭಾಷಣ ಮಾಡಿದ್ದೆ, ನೂರು ಅಡಿ ಆಚೆ ಏನೂ ಭಯ ಇಲ್ಲ ಅಂತ. ಯಾರು ಹೇಳಿದ್ದು ಇದನ್ನ?"

ಅವ್ವ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ.

"ಸೌದಾಮಿನಿಯವರು ಸಾರ್. ಎರಡು ಸಾವಿರದ ಮೂವತ್ತೊಂದು, ಪುಟ ಹದಿನಾಲ್ಕು. ನನ್ನ ಮಾತು ನಂಬಬೇಡ್ರಿ. ನೀವೇ ನೋಡ್ರಿ."

ಜಬೀನಾ ಮೇಡಂ ಆ ವರದಿಯನ್ನು ಸೀರೆಯ ಮರೆಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಮೇಜಿನ ಮೇಲೆ ಇಟ್ಟರು. ಓಂಕಾರಪ್ಪ ಹದಿನಾಲ್ಕನೇ ಪುಟ ಓದಿದರು, ಮತ್ತೆ ಓದಿದರು. 'ನಿಮ್ಮ ಭಾಷಣಕ್ಕೆ ಆಧಾರ ಯಾವುದಿತ್ತು ಸಾರ್' ಅಂತ ಕೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಅವರ ಮುಖ ನೋಡಿ ಸುಮ್ಮನಾದೆ.

ಕೊನೆಗೆ ಆ ಆದೇಶವನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಪ್ರಬಂಧದ ಮೇಲೆ ತಮ್ಮ ಕೈಯಾರೆ ಬರೆದರು: 'ಯಂತ್ರದ ಅಂಕ 29. ನಾನು ಓದಿದೆ. ಕದ್ದದ್ದು ಕಾಣಲಿಲ್ಲ. ಹೆಸರು ಉಳಿಯಲಿ.' ಸಹಿ ಹಾಕಿದರು. ಅಂಕ ಬದಲಾಯಿಸಲು ಅವರಿಗೂ ಅಧಿಕಾರ ಇರಲಿಲ್ಲವಂತೆ. ತಿರುಗಣಿಯ ಕಾಗದ ತೋರಿಸಿ, "ಕೊಟ್ಟಿಲ್ಲ ಅನ್ನೋ ಒಂದೇ ಕಾರಣಕ್ಕೆ ಬಿಟ್ಟಿದೀನಿ," ಅಂತ ಗದರಿದರು. ಅದು ನ್ಯಾಯವೇ.

ಅಂಕ ಇವತ್ತಿಗೂ ಹಾಗೇ ಇದೆ. ನಪಾಸು ಅಂತಲೇ ಇದೆ, ಮುಂದಿನ ಸಲ ಮತ್ತೆ ಬರೆಯಬೇಕು. ಬರೆಯುತ್ತೇನೆ, ಮತ್ತೆ ಹೆಸರು ಹಾಕಿಯೇ ಬರೆಯುತ್ತೇನೆ. ಎಷ್ಟು ಸಲ ಕೆಂಪು ಮಾಡುತ್ತಾರೋ ಮಾಡಲಿ. ವಿಚಾರಣೆಗೆ ಮುಂಚಿನ ಸೋಮವಾರ, ಎರಡು ದಿನ ತಡವಾಗಿ, ನಿಜಗುಣನೂ ಹೆಸರುಗಳನ್ನೆಲ್ಲ ಸೇರಿಸಿ ಕೊಟ್ಟ, ಅವನ ಜನ್ಮದಲ್ಲೇ ಮೊದಲ ಸಲ ಐವತ್ತೆರಡು ಬಂತು. "ನಿನ್ನಿಂದ ಹಾಳಾದೆ," ಅಂದ. ಅಂದರೂ ಗ್ರಂಥಾಲಯದಲ್ಲಿ ನನ್ನ ಎದುರಿಗೇ ಕೂತುಕೊಳ್ಳುತ್ತಾನೆ. ಜಬೀನಾ ಮೇಡಂ ಅಂಚೆ ವಿಂಗಡಿಸುವುದನ್ನು ಬಿಟ್ಟಿದ್ದಾರೆ, ಈಗ ಕೇಳುವವರು ದಿನಕ್ಕೆ ಆರು ಏಳು ಜನ ಇರುತ್ತಾರಂತೆ.

ವಿಚಾರಣೆಯ ದಿನ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅವ್ವ, "ನನ್ನ ಹೆಸರು ಎಲ್ಲೈತೆ ತೋರಿಸು," ಅಂದಳು. ಪ್ರಬಂಧದ ಕೊನೇ ಪುಟ ತೆರೆದುಕೊಟ್ಟೆ. ಅವಳು ನಾಲ್ಕನೇ ಕ್ಲಾಸು ಓದಿದವಳು. ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದಿದಳು. ಕರಿಬಸಮ್ಮ, ಸಂದರ್ಶನ, ಭಟ್ಟಿ ಓಣಿ. ಅದರ ಕೆಳಗೆ ನಿಜಗುಣ, ಎಂ. ಅದರ ಕೆಳಗೆ ಸೌದಾಮಿನಿ, ವಿ.

ಅವ್ವ ಗಾಬರಿಯಾದಳು. "ಲೇ ಹಾಲಿ, ಇದೇನೇ ಇದು? ಅಷ್ಟು ಓದಿದ ಅಮ್ಮನ ಹೆಸರು ಕೆಳಗೆ ಹಾಕಿ, ನನ್ನ ಹೆಸರು ಎಲ್ಲರ ಮ್ಯಾಲೆ ಕೂರಿಸಿದೀಯಲ್ಲೇ! ಅವರು ನೋಡಿದ್ರೆ ಏನಂದುಕೊಂಡಾರು? ತೆಗೆದು ಕೆಳಗೆ ಹಾಕು."

"ಆಗಲ್ಲವ್ವ," ಅಂದೆ. "ಅಕ್ಷರದ ಸಾಲಿನಲ್ಲಿ ಬರೀಬೇಕು ಅಂತ ನಿಯಮ. ಕ ಮೊದಲು, ಆಮೇಲೆ ನ, ಆಮೇಲೆ ಸ. ನಾನು ಕೂರಿಸಿದ್ದಲ್ಲ."

ಅವಳು ಮತ್ತೊಮ್ಮೆ ಬೆರಳಿಟ್ಟು ಓದಿಕೊಂಡಳು. ಬೆರಳಿನ ಬೂದಿ ಅವಳ ಹೆಸರಿನ ಮೇಲೆ ಹತ್ತಿತು. ಒರೆಸಲು ಸೆರಗು ತೆಗೆದಳು, ನಾನು ಬೇಡ ಅಂದೆ.